ಡಿಎಲ್‌ಪಿ ಮುಗಿದು ಎರಡು ತಿಂಗಳಾಯಿತು: ರಿಟೆನ್ಷನ್ ಹಣ ಕೇಳಿ ಬರೆದ ಪತ್ರದಲ್ಲಿ ಎಲ್ಲಿ ತಪ್ಪಿದೆ?

ತುಂಗಾತೀರದ ಗುತ್ತಿಗೆದಾರ · 2025 ಆಗಸ್ಟ್ 11

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಸಣ್ಣ ಸಿವಿಲ್ ಗುತ್ತಿಗೆದಾರ. ಖಾಸಗಿ ಟ್ರಸ್ಟ್ ಒಂದಕ್ಕೆ ನೆಲಮಹಡಿಯೂ ಸೇರಿ ಮೂರು ಅಂತಸ್ತಿನ ವಿದ್ಯಾರ್ಥಿನಿಲಯ ಕಟ್ಟಿಕೊಟ್ಟಿದ್ದೇನೆ. ಜಿಎಸ್‌ಟಿ ಬಿಟ್ಟು ಅಂತಿಮ ಬಿಲ್ಲಿನ ಮೊತ್ತ 1,84,00,000 ರೂಪಾಯಿ. ಕೆಲಸ ನಡೆದಂತೆ ಕೊಟ್ಟ ಪ್ರತಿ ಆರ್‌ಎ ಬಿಲ್ಲಿನಲ್ಲೂ ನೂರಕ್ಕೆ 5ರಂತೆ ಹಿಡಿದಿಟ್ಟ ರಿಟೆನ್ಷನ್ ಹಣ 9,20,000 ಆಗಿತ್ತು. ಅದರಲ್ಲಿ ಅರ್ಧವನ್ನು ಕಾಮಗಾರಿ ಪೂರ್ಣವಾದಾಗ ಕೊಟ್ಟರು. ಉಳಿದ 4,60,000 ದೋಷ ಹೊಣೆಗಾರಿಕೆ ಅವಧಿ, ಅಂದರೆ ಡಿಎಲ್‌ಪಿ, ಮುಗಿದ ಮೇಲೆ ಬರಬೇಕಿತ್ತು.

ಪೂರ್ಣತಾ ಪತ್ರದಲ್ಲಿರುವ ದಿನಾಂಕ 2024 ಜೂನ್ 12. ಹನ್ನೆರಡು ತಿಂಗಳ ಅವಧಿ 2025 ಜೂನ್ 11ಕ್ಕೆ ಮುಗಿಯಿತು. ನಡುವೆ 2024 ಅಕ್ಟೋಬರ್ 9ರಂದು ವಾಸ್ತುಶಿಲ್ಪಿಯ ಕಚೇರಿಯಿಂದ 14 ದೋಷಗಳ ಪಟ್ಟಿ ಬಂದಿತ್ತು, ಎಲ್ಲವನ್ನೂ ಸರಿಪಡಿಸಿದ್ದೇನೆ. ಜೂನ್ 16ರಂದು ಟ್ರಸ್ಟಿನ ಕಾರ್ಯದರ್ಶಿಯವರಿಗೆ ಈ ಪತ್ರ ಕೊಟ್ಟೆ:

"ಮಾನ್ಯರೇ, ತಮ್ಮ ವಿದ್ಯಾರ್ಥಿನಿಲಯದ ಕಾಮಗಾರಿಯನ್ನು ಉತ್ತಮ ಗುಣಮಟ್ಟದಲ್ಲಿ ಪೂರ್ಣಗೊಳಿಸಿ ಒಂದು ವರ್ಷ ಕಳೆದಿರುತ್ತದೆ. ತಾವು ತಿಳಿಸಿದ ಎಲ್ಲ ರಿಪೇರಿಗಳನ್ನೂ ಮಾಡಿಕೊಟ್ಟಿರುತ್ತೇವೆ. ನಮಗೆ ಹಣದ ತೀವ್ರ ಅಡಚಣೆ ಇರುವುದರಿಂದ ಬಾಕಿ ರಿಟೆನ್ಷನ್ ಹಣವನ್ನೂ ಹೆಚ್ಚುವರಿ ಕೆಲಸದ 2,35,000 ರೂಪಾಯಿಗಳನ್ನೂ ದಯಮಾಡಿ ಬಿಡುಗಡೆ ಮಾಡಬೇಕಾಗಿ ಕೋರುತ್ತೇವೆ."

ಆರು ವಾರ ಉತ್ತರವಿರಲಿಲ್ಲ. ಜುಲೈ 28ರಂದು ಬಂದ ಉತ್ತರದ ಸಾರ ಇಷ್ಟು: ಜುಲೈ ಮಧ್ಯದಲ್ಲಿ ಎರಡನೇ ಮಹಡಿಯ ಎರಡು ಕೋಣೆಗಳ ಸೀಲಿಂಗಿನಲ್ಲಿ ಸೋರಿಕೆ ಕಂಡಿದೆ, ಈ ಮಳೆಗಾಲ ಮುಗಿಯುವವರೆಗೆ ಹಣ ಬಿಡಲಾಗುವುದಿಲ್ಲ, ಹೆಚ್ಚುವರಿ ಕೆಲಸದ ಲೆಕ್ಕವನ್ನು ಮತ್ತೆ ಪರಿಶೀಲಿಸಬೇಕಿದೆ. ಈಗ ನಾನು ಎರಡನೇ ಪತ್ರ ಬರೆಯಬೇಕು. ಹೇಗೆ ಬರೆಯಲಿ?

ಎಫ್‌ಎಸ್‌ಡಿ ಕಾಯುವವ · ಆಗಸ್ಟ್ 11

ಸರ್, ತಮ್ಮದು ಎರಡು ತಿಂಗಳ ಕಥೆ. ಇಲಾಖೆಯ ರಸ್ತೆ ಕೆಲಸವೊಂದರಲ್ಲಿ ಬಿಲ್ಲಿನಲ್ಲಿ ಹಿಡಿದಿಟ್ಟ ನನ್ನ ಭದ್ರತಾ ಠೇವಣಿ, ಎಫ್‌ಎಸ್‌ಡಿ, ಮೂರು ವರ್ಷದಿಂದ ನಿಂತಿದೆ. ಹಿಂದಿನ ಎಇಇ ಸಾಹೇಬರು ವರ್ಗವಾದರು. ಹೊಸಬರು ತಾವು ನೋಡದ ಕೆಲಸಕ್ಕೆ ಸಹಿ ಹಾಕುವುದಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ ಪತ್ರಕ್ಕಿಂತ ನಾವೇ ಕಡತದ ಹಿಂದೆ ಓಡಾಡುವುದು ಮುಖ್ಯ. ಕಾರ್ಯದರ್ಶಿಯವರನ್ನು ಖುದ್ದಾಗಿ ಕಂಡು ಮಾತನಾಡಿ.

ಫ್ಲಾಟ್ ಕೊಂಡವನು · ಆಗಸ್ಟ್ 11

ಕ್ಷಮಿಸಿ, ನನಗೆ ಟ್ರಸ್ಟಿನವರದೇ ಸರಿ ಎನಿಸುತ್ತದೆ. ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಕಟ್ಟಡದ ದೋಷಕ್ಕೆ ಐದು ವರ್ಷ ಹೊಣೆ ಇದೆಯಲ್ಲವೇ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರನೇ ವರ್ಷ ಬಿರುಕು ಬಂದಾಗ ನಾವು ಅದನ್ನೇ ತೋರಿಸಿ ಬಿಲ್ಡರಿಂದ ಕೆಲಸ ಮಾಡಿಸಿಕೊಂಡೆವು. ಒಂದೇ ವರ್ಷಕ್ಕೆ ಕೈತೊಳೆದುಕೊಳ್ಳುವುದು ಹೇಗೆ?

ಒಪ್ಪಂದ ಓದುವ ಇಂಜಿನಿಯರ್ · ಆಗಸ್ಟ್ 12

ಫ್ಲಾಟ್ ಕೊಂಡವರಿಗೆ: ತಾವು ಹೇಳಿದ ಐದು ವರ್ಷ ಪ್ರವರ್ತಕನಿಗೂ ಮನೆ ಕೊಂಡವನಿಗೂ ನಡುವಿನದು. ಇಲ್ಲಿ ಟ್ರಸ್ಟ್ ತನ್ನ ಜಾಗದಲ್ಲಿ ತನಗಾಗಿ ಕಟ್ಟಿಸಿಕೊಂಡಿದೆ, ಮಾರಾಟದ ಮಾತೇ ಇಲ್ಲ. ಇದಕ್ಕಿಂತ ಮುಖ್ಯವಾದದ್ದು, ದೋಷದ ಹೊಣೆ ಎಷ್ಟು ಕಾಲ ಇರುತ್ತದೆ ಎಂಬ ಪ್ರಶ್ನೆಯೂ ಆ ಹೊಣೆಗೆ ಈಡಾಗಿ ಈ ಹಣವನ್ನು ಎಷ್ಟು ಕಾಲ ಹಿಡಿದಿಡಬಹುದು ಎಂಬ ಪ್ರಶ್ನೆಯೂ ಬೇರೆ ಬೇರೆ. ಮೊದಲನೆಯದು ಅವಧಿ ಮುಗಿದ ಮೇಲೂ ಉಳಿಯಬಹುದು. ಎರಡನೆಯದನ್ನು ಒಪ್ಪಂದದ ರಿಟೆನ್ಷನ್ ಷರತ್ತು ಮಾತ್ರ ನಿರ್ಧರಿಸುತ್ತದೆ.

ಗುತ್ತಿಗೆದಾರರೇ, ತಮ್ಮ ಒಪ್ಪಂದದಲ್ಲಿ ರಿಟೆನ್ಷನ್ ಬಿಡುಗಡೆಯ ಷರತ್ತು ಮತ್ತು ದೋಷ ಹೊಣೆಗಾರಿಕೆಯ ಷರತ್ತು ಏನು ಹೇಳುತ್ತವೆ ಎಂದು ಅವುಗಳ ಮಾತಿನಲ್ಲೇ ಇಲ್ಲಿ ಹಾಕಿ. ಅದನ್ನು ನೋಡದೆ ಕೊಡುವ ಸಲಹೆಗೆ ಬೆಲೆಯಿಲ್ಲ. ದೋಷಗಳ ಪಟ್ಟಿಯಲ್ಲಿ ಯಾವ ಬಾಬ್ತಿಗೆ ಯಾರ ಸಹಿ ಇದೆ ಎಂಬುದನ್ನೂ ತಿಳಿಸಿ.

ತುಂಗಾತೀರದ ಗುತ್ತಿಗೆದಾರ · ಆಗಸ್ಟ್ 12

ಒಪ್ಪಂದ ಇಂಗ್ಲಿಷಿನಲ್ಲಿದೆ, ಪತ್ರ ವ್ಯವಹಾರವೆಲ್ಲ ಕನ್ನಡದಲ್ಲಿ. ಷರತ್ತುಗಳನ್ನು ಆದಷ್ಟು ಹಾಗೆಯೇ ಕನ್ನಡಕ್ಕೆ ತಂದಿದ್ದೇನೆ.

ಷರತ್ತು 27: ದೋಷ ಹೊಣೆಗಾರಿಕೆ ಅವಧಿ ಪೂರ್ಣತಾ ಪತ್ರದಲ್ಲಿ ನಮೂದಿಸಿದ ದಿನದಿಂದ ಹನ್ನೆರಡು ತಿಂಗಳು. ಅವಧಿ ಮುಗಿಯುವ ಮೊದಲು ವಾಸ್ತುಶಿಲ್ಪಿ ಲಿಖಿತವಾಗಿ ತಿಳಿಸಿದ ದೋಷಗಳನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸತಕ್ಕದ್ದು. ದೋಷಗಳು ಉಳಿದಿರುವಷ್ಟು ಕಾಲ ಅವಧಿ ಮುಂದುವರಿಯತಕ್ಕದ್ದು.

ಷರತ್ತು 31: ಹಿಡಿದಿಟ್ಟ ಹಣದ ಉಳಿದರ್ಧವನ್ನು ದೋಷ ಹೊಣೆಗಾರಿಕೆ ಅವಧಿ ಮುಗಿದು, ಅವಧಿಯೊಳಗೆ ತಿಳಿಸಲಾದ ಎಲ್ಲ ದೋಷಗಳೂ ಸರಿಯಾಗಿವೆ ಎಂದು ವಾಸ್ತುಶಿಲ್ಪಿ ಪ್ರಮಾಣೀಕರಿಸಿದ 30 ದಿನಗಳೊಳಗೆ ಪಾವತಿಸತಕ್ಕದ್ದು.

ತಡವಾದರೆ ಬಡ್ಡಿಯ ಬಗ್ಗೆ ಒಪ್ಪಂದದಲ್ಲಿ ಏನೂ ಇಲ್ಲ.

ಸಹಿಗಳ ಬಗ್ಗೆ: 2025 ಫೆಬ್ರವರಿ 20ರಂದು ವಾಸ್ತುಶಿಲ್ಪಿಯ ಸೈಟ್ ಪ್ರತಿನಿಧಿ ಮತ್ತು ನಾನು ಜಂಟಿಯಾಗಿ ಪರಿಶೀಲಿಸಿ, 14ರಲ್ಲಿ 12 ಬಾಬ್ತುಗಳ ಮುಂದೆ "ಸರಿಪಡಿಸಲಾಗಿದೆ" ಎಂದು ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಉಳಿದವು ಎರಡು: ಮೊದಲ ಮಹಡಿಯ ಶೌಚಾಲಯದಿಂದ ಕೆಳಗಿನ ಓಣಿಗೆ ಇಳಿಯುತ್ತಿದ್ದ ನೀರು, ಮತ್ತು ಸಂಪಿನ ಪಕ್ಕದ ಮಳೆನೀರಿನ ಪೈಪಿನ ಜಾಯಿಂಟ್. ಅವನ್ನು ಏಪ್ರಿಲ್ 5ಕ್ಕೆ ಮುಗಿಸಿದೆ. ಶೌಚಾಲಯದ ನೆಲದ ಟೈಲ್ಸ್ ತೆಗೆದು, ಸಂಕ್ ಸ್ಲ್ಯಾಬಿನ ತುಂಬುಮಣ್ಣು ಹೊರಹಾಕಿ, ನಹಾನಿ ಟ್ರ್ಯಾಪಿನ ಸುತ್ತ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿ, ಏಪ್ರಿಲ್ 18ರಿಂದ 20ರವರೆಗೆ 48 ಗಂಟೆ ನೀರು ನಿಲ್ಲಿಸಿದೆವು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ನೀರಿನ ಮಟ್ಟ ಗುರುತು ಹಾಕಿ ಫೋಟೋ ತೆಗೆದಿದ್ದೇನೆ. ಕೆಳಗಿನ ಓಣಿಯ ಸೀಲಿಂಗ್ ಒಣಗಿಯೇ ಇತ್ತು. ಪ್ರತಿನಿಧಿ ಬಂದು ನೋಡಿ, ಸಂಜೆ ವಾಟ್ಸ್‌ಆ್ಯಪಿನಲ್ಲಿ "ಎರಡೂ ಸರಿಯಾಗಿದೆ, ಸರ್‌ಗೆ ಹೇಳುತ್ತೇನೆ" ಎಂದು ಕಳಿಸಿದ್ದಾರೆ. ಕಾಗದದ ಮೇಲೆ ಸಹಿ ಆಗಿಲ್ಲ.

ಒಪ್ಪಂದ ಓದುವ ಇಂಜಿನಿಯರ್ · ಆಗಸ್ಟ್ 13

ಈಗ ವಿಷಯ ತಿಳಿಯಾಯಿತು. ತಮ್ಮ 31ನೇ ಷರತ್ತು ಎರಡು ಸಂಗತಿಗಳನ್ನು ಕೇಳುತ್ತದೆ: ಕಾಲ ಮುಗಿಯಬೇಕು, ಪ್ರಮಾಣಪತ್ರ ಬರಬೇಕು. ತಮ್ಮ ಜೂನ್ ಪತ್ರ ಮೊದಲನೆಯದನ್ನಷ್ಟೇ ಹೇಳಿ, ಎರಡನೆಯದನ್ನು ಯಾರ ಬಳಿಯೂ ಕೇಳಿಲ್ಲ. ಪ್ರಮಾಣಪತ್ರ ಕೊಡಬೇಕಾದವರು ವಾಸ್ತುಶಿಲ್ಪಿ. ತಾವು ಪತ್ರ ಬರೆದದ್ದು ಕಾರ್ಯದರ್ಶಿಯವರಿಗೆ. ಕಟ್ಟುನಿಟ್ಟಾಗಿ ಓದಿದರೆ 30 ದಿನಗಳ ಗಡುವು ಇನ್ನೂ ಶುರುವೇ ಆಗಿಲ್ಲ.

ತಮ್ಮ ಪರವಾಗಿರುವ ಮಾತೂ ಅದೇ ಷರತ್ತಿನಲ್ಲಿದೆ: "ಅವಧಿಯೊಳಗೆ ತಿಳಿಸಲಾದ". ಜೂನ್ 11ರೊಳಗೆ ಲಿಖಿತವಾಗಿ ಬಂದದ್ದು 14 ಬಾಬ್ತುಗಳು ಮಾತ್ರ. ಜುಲೈನ ಸೋರಿಕೆ ಆ ಪಟ್ಟಿಯಲ್ಲಿ ಇರಲು ಸಾಧ್ಯವಿಲ್ಲ. ವಿಶ್ವ ಬ್ಯಾಂಕಿನ ಸಣ್ಣ ಕಾಮಗಾರಿಗಳ ಮಾದರಿ ಒಪ್ಪಂದದಲ್ಲೂ ಹೆಚ್ಚುಕಡಿಮೆ ಇದೇ ವಾಕ್ಯವಿದೆ: ಅರ್ಧ ಹಣ ಪೂರ್ಣತಾ ಪತ್ರಕ್ಕೆ, ಉಳಿದರ್ಧ ಅವಧಿ ಕಳೆದು, ಅದು ಮುಗಿಯುವ ಮುನ್ನ ತಿಳಿಸಿದ ದೋಷಗಳು ಸರಿಯಾಗಿವೆ ಎಂದು ಪ್ರಮಾಣೀಕರಿಸಿದ ಮೇಲೆ. ತಮ್ಮ ಒಪ್ಪಂದ ಬರೆದವರು ಅಲ್ಲಿಂದಲೇ ಎತ್ತಿಕೊಂಡಂತಿದೆ. ಹಾಗೆಂದು ಪತ್ರದಲ್ಲಿ ಅದನ್ನೂ ಅಂತರರಾಷ್ಟ್ರೀಯ ಮಾದರಿ ಒಪ್ಪಂದವಾದ ಫಿಡಿಕ್ಕನ್ನೂ ಉಲ್ಲೇಖಿಸಲು ಹೋಗಬೇಡಿ. ತಮ್ಮದಲ್ಲದ ಒಪ್ಪಂದದ ಷರತ್ತಿನ ಸಂಖ್ಯೆ ಹಾಕುವ ಚಪಲ ಈಚಿನ ಇಂಜಿನಿಯರುಗಳಲ್ಲಿ ಬಹಳ ನೋಡಿದ್ದೇನೆ. ಓದುವವರಿಗೆ ಪತ್ರ ಪಕ್ಕಕ್ಕಿಡಲು ಅದೊಂದೇ ಕಾರಣ ಸಾಕು.

ಇನ್ನೊಂದು ತಪ್ಪು, ಹೆಚ್ಚುವರಿ ಕೆಲಸದ 2,35,000ವನ್ನು ಇದರೊಳಗೆ ತುರುಕಿದ್ದು. ರಿಟೆನ್ಷನ್ ಹಣ ವಿವಾದವಿಲ್ಲದ ಮೊತ್ತ, ಅವರೇ ಅಳೆದು ಅವರೇ ಹಿಡಿದಿಟ್ಟದ್ದು. ಅದಕ್ಕೆ ವಿವಾದವಿರುವ ಮೊತ್ತವನ್ನು ಗಂಟು ಹಾಕಿದ ಕೂಡಲೇ ಇಡೀ ಪತ್ರ "ಪರಿಶೀಲನೆಯಲ್ಲಿದೆ" ಎಂಬ ಕಪಾಟಿಗೆ ಹೋಗುತ್ತದೆ. ಅವರ ಉತ್ತರದಲ್ಲಿ ಆದದ್ದೂ ಅದೇ. "ಹಣದ ತೀವ್ರ ಅಡಚಣೆ" ಎಂಬುದನ್ನೂ ತೆಗೆಯಿರಿ. ಅಡಚಣೆ ಇಲ್ಲದಿದ್ದರೂ ಅದು ತಮ್ಮ ಹಣವೇ.

ಮೇಸ್ತ್ರಿ ಮನೆತನ · ಆಗಸ್ಟ್ 13

ಒಂದು ಎಚ್ಚರಿಕೆ ಹೇಳುತ್ತೇನೆ. ರಿಪೇರಿ ಮಾಡಿದ ದಿನದಿಂದ ಡಿಎಲ್‌ಪಿ ಮತ್ತೆ ಹೊಸದಾಗಿ ಹನ್ನೆರಡು ತಿಂಗಳು ಓಡುತ್ತದೆ. ನನಗೆ ಒಂದು ಕಾರ್ಖಾನೆಯ ಶೆಡ್ ಕೆಲಸದಲ್ಲಿ ಹೀಗೇ ಹೇಳಿ ಎರಡನೇ ವರ್ಷವೂ ಹಣ ಹಿಡಿದರು. ತಾವು ಏಪ್ರಿಲಿನಲ್ಲಿ ಶೌಚಾಲಯ ಸರಿ ಮಾಡಿದ್ದರೆ ಲೆಕ್ಕ 2026 ಏಪ್ರಿಲಿಗೆ ಹೋಗುತ್ತದೆ. ಟ್ರಸ್ಟಿನವರಿಗೆ ಇದು ಹೊಳೆದಿಲ್ಲ ಅಷ್ಟೆ. ಪತ್ರದಲ್ಲಿ ಏಪ್ರಿಲ್ ದಿನಾಂಕವನ್ನೇ ಬರೆಯಬೇಡಿ.

ಒಪ್ಪಂದ ಓದುವ ಇಂಜಿನಿಯರ್ · ಆಗಸ್ಟ್ 13

ಮೇಸ್ತ್ರಿಯವರೇ, ಅಂಥ ಷರತ್ತು ಕೆಲವು ಒಪ್ಪಂದಗಳಲ್ಲಿ ನಿಜಕ್ಕೂ ಇದೆ. ಅಲ್ಲೂ ಸಾಮಾನ್ಯವಾಗಿ ಸರಿಪಡಿಸಿದ ಭಾಗಕ್ಕೆ ಮಾತ್ರ, ಇಡೀ ಕಟ್ಟಡಕ್ಕಲ್ಲ. ತಮ್ಮ ಶೆಡ್ಡಿನ ಒಪ್ಪಂದದಲ್ಲಿ ಏನಿತ್ತೋ ಕಾಣೆ. ಇವರ 27ನೇ ಷರತ್ತು ಹೇಳುವುದು "ದೋಷಗಳು ಉಳಿದಿರುವಷ್ಟು ಕಾಲ" ಎಂದು. ಕೊನೆಯ ಎರಡು ದೋಷಗಳು ಏಪ್ರಿಲ್ 5ಕ್ಕೆ ಮುಗಿದಿವೆ, ಅವಧಿ ಮುಗಿದದ್ದು ಜೂನ್ 11ಕ್ಕೆ. ಆದ್ದರಿಂದ ಒಂದು ದಿನವೂ ಮುಂದೆ ಹೋಗುವುದಿಲ್ಲ. ಈ ಕಾರಣಕ್ಕೇ ಏಪ್ರಿಲ್ ದಿನಾಂಕವನ್ನು ಮುಚ್ಚಿಡದೆ ಎದ್ದು ಕಾಣುವಂತೆ ಬರೆಯಬೇಕು. ಕೆಲಸ ಜೂನ್ 11 ದಾಟಿ ಮುಗಿದಿದ್ದರೆ ಮಾತು ಬೇರೆ ಇರುತ್ತಿತ್ತು.

ನಕ್ಷೆ ಮತ್ತು ಸಹಿ · ಆಗಸ್ಟ್ 14

ನಾನು ಮೈಸೂರಿನಲ್ಲಿ ವಾಸ್ತುಶಿಲ್ಪಿ, ಹೆಚ್ಚಾಗಿ ಮಾಲೀಕರ ಪರವಾಗಿ ಕುಳಿತು ಇಂಥ ಪತ್ರಗಳನ್ನು ಓದುವವನು. ಆ ಕಡೆಯಿಂದ ನೋಡಿದರೆ ಕಾಣುವ ಮೂರು ಸಂಗತಿ ಹೇಳುತ್ತೇನೆ.

ವಾಟ್ಸ್‌ಆ್ಯಪ್ ಸಂದೇಶ ಸಾಕ್ಷಿಯಾಗಬಹುದು, ಪ್ರಮಾಣಪತ್ರವಾಗುವುದಿಲ್ಲ. ಸೈಟ್ ಪ್ರತಿನಿಧಿಗೆ ಪ್ರಮಾಣೀಕರಿಸುವ ಅಧಿಕಾರ ಇರುವುದಿಲ್ಲ. ನನ್ನ ಮೇಜಿಗೆ "ಎಲ್ಲ ರಿಪೇರಿ ಮಾಡಿದ್ದೇವೆ" ಎಂಬ ಒಂದು ಸಾಲು ಬಂದರೆ ನಾನು ಸಹಿ ಹಾಕಲಾರೆ, ಏಕೆಂದರೆ ನಾಳೆ ಮಾಲೀಕರು ಕೇಳುವುದು ನನ್ನನ್ನು. ಅದೇ, ನಾನು ಕೊಟ್ಟ ಪಟ್ಟಿಯ ಅದೇ ಕ್ರಮಸಂಖ್ಯೆಯಲ್ಲಿ, ಏನು ಮಾಡಿದರು, ಯಾವ ದಿನ, ಯಾರು ನೋಡಿದರು, ಯಾವ ಫೋಟೋ ಎಂದು ಜೋಡಿಸಿಕೊಟ್ಟರೆ ಅರ್ಧ ಗಂಟೆಯ ಕೆಲಸ. ಬಿರುಕುಗಳ ಬಾಬ್ತಿಗೆ "ಪ್ಯಾಚ್ ಮಾಡಲಾಗಿದೆ" ಎಂದು ಬರೆದವರಿಗಿಂತ, ಕಂಬ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ಪ್ಲಾಸ್ಟರ್ ಕೊರೆದು ಮೆಶ್ ಹಾಕಿ ಮತ್ತೆ ಪ್ಲಾಸ್ಟರ್ ಮಾಡಿದ್ದೇವೆ ಎಂದು ಬರೆದವರನ್ನು ನಾನು ನಂಬುತ್ತೇನೆ. ಪುಟ್ಟಿ ಬಳಿದು ಮುಚ್ಚಿದ ಬಿರುಕು ಮುಂದಿನ ಬೇಸಿಗೆಗೆ ಅದೇ ಗೆರೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಎರಡನೆಯದು, ಆ 14ರಲ್ಲಿ ಎಲ್ಲವೂ ದೋಷಗಳೇ ಆಗಿದ್ದವೇ? ವಿದ್ಯಾರ್ಥಿನಿಲಯ ಎಂದಿರಿ, ಅದಕ್ಕೇ ಕೇಳಿದೆ.

ಮೂರನೆಯದು, ಜುಲೈನ ಸೋರಿಕೆಯನ್ನು ತಾವು ಹೋಗಿ ನೋಡಿದಿರಾ? ಅವಧಿ ಮುಗಿದಿದೆ ಎಂದು ಷರತ್ತು ತೋರಿಸಿ ಸುಮ್ಮನಿದ್ದರೆ ಕಾಗದದ ಮೇಲೆ ಗೆಲ್ಲಬಹುದು. ಆದರೆ ವಾಟರ್‌ಪ್ರೂಫಿಂಗ್‌ಗೆ ಬೇರೆ ಗ್ಯಾರಂಟಿ ಪತ್ರ ಕೊಟ್ಟಿದ್ದರೆ ಆ ಹೊಣೆ ಇನ್ನೂ ನಡೆಯುತ್ತಿರುತ್ತದೆ.

ತುಂಗಾತೀರದ ಗುತ್ತಿಗೆದಾರ · ಆಗಸ್ಟ್ 14

ಸರಿಯಾಗಿ ಹಿಡಿದಿರಿ ಸರ್. ಬಾಬ್ತು 11 "ಒಂಬತ್ತು ಡೋರ್ ಕ್ಲೋಸರ್ ಕೆಲಸ ಮಾಡುತ್ತಿಲ್ಲ" ಎಂದಿತ್ತು. ಹೋಗಿ ನೋಡಿದರೆ ಹುಡುಗರು ಬಾಗಿಲಿಗೆ ಜೋತುಬಿದ್ದು ತೋಳುಗಳನ್ನೇ ಬಗ್ಗಿಸಿದ್ದರು. ತಕರಾರು ಬೇಡವೆಂದು ಒಂಬತ್ತನ್ನೂ ಬದಲಿಸಿಕೊಟ್ಟೆ.

ವಾಟರ್‌ಪ್ರೂಫಿಂಗ್‌ಗೆ ಐದು ವರ್ಷದ ಗ್ಯಾರಂಟಿ ಪತ್ರ ನಿಜಕ್ಕೂ ಕೊಟ್ಟಿದ್ದೇನೆ. ಅದನ್ನು ಮರೆತೇಬಿಟ್ಟಿದ್ದೆ.

ಸೋರಿಕೆಯನ್ನು ನಿನ್ನೆ ಹೋಗಿ ನೋಡಿ ಬಂದೆ. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರಿನ ಆರು ಸ್ಟ್ಯಾಂಡುಗಳಿವೆ. ನಾನು ಹಸ್ತಾಂತರಿಸಿದಾಗ ಅವು ಇರಲಿಲ್ಲ; ಮಾರ್ಚಿನಲ್ಲಿ ಬೇರೆಯವರಿಂದ ಹಾಕಿಸಿದ್ದಾರೆ. ಸ್ಟ್ಯಾಂಡಿನ ಕಾಲುಗಳನ್ನು ಪೀಠ ಕಟ್ಟಿ ನಿಲ್ಲಿಸುವ ಬದಲು ತಾರಸಿಯ ಟೈಲ್ಸಿಗೇ ತೂತು ಕೊರೆದು ಆ್ಯಂಕರ್ ಬೋಲ್ಟ್ ಹೊಡೆದಿದ್ದಾರೆ. ಒಂದು ಬೋಲ್ಟಿನ ಸುತ್ತ ಬೆರಳಿಟ್ಟರೆ ನೀರು ಜಿನುಗುತ್ತಿತ್ತು. ಕೆಳಗೆ ಸೋರುತ್ತಿರುವ ಎರಡು ಕೋಣೆಗಳಲ್ಲಿ ಒಂದರ ಸೀಲಿಂಗಿನ ಕಲೆ ಸರಿಯಾಗಿ ಆ ಸಾಲಿನ ಕೆಳಗೇ ಇದೆ. ಇನ್ನೊಂದು ಕೋಣೆಯದು ಪೂರ್ವದ ಪ್ಯಾರಾಪೆಟ್ ಗೋಡೆಯ ಬುಡದಲ್ಲಿದೆ, ಸ್ಟ್ಯಾಂಡಿನಿಂದ ಸುಮಾರು 4 ಮೀಟರ್ ದೂರ. ಅದು ಬೋಲ್ಟಿನಿಂದ ಹರಿದು ಬಂದ ನೀರೋ ನನ್ನ ಕೆಲಸದ್ದೇ ತಪ್ಪೋ ಹೇಳಲಾಗುತ್ತಿಲ್ಲ.

ನಕ್ಷೆ ಮತ್ತು ಸಹಿ · ಆಗಸ್ಟ್ 14

ಪ್ರಾಮಾಣಿಕವಾಗಿ ಹೇಳಿದ್ದು ಒಳ್ಳೆಯದಾಯಿತು. ಬೋಲ್ಟಿನ ತೂತಿನಿಂದ ಇಳಿದ ನೀರು ಟೈಲ್ಸಿನ ಕೆಳಗಿನ ಸ್ಕ್ರೀಡಿನಲ್ಲೇ ಇಳಿಜಾರು ಹಿಡಿದು ಹರಿದು, ಎಲ್ಲೋ ದೂರದ ಮೂಲೆಯಲ್ಲಿ ಸೀಲಿಂಗಿಗೆ ಇಳಿಯುವುದು ಸಾಮಾನ್ಯ. ತಾರಸಿಯ ಇಳಿಜಾರು ಪೂರ್ವಕ್ಕೇ ಇದ್ದರೆ ಎರಡೂ ಕಲೆಗಳಿಗೆ ಒಂದೇ ಮೂಲವಿರಬಹುದು. ಆದರೆ ಪ್ಯಾರಾಪೆಟ್ ಬುಡದಲ್ಲಿ ಕೋವಿಂಗ್ ಬಿರುಕು ಬಿಟ್ಟಿದ್ದರೂ ಇದೇ ಚಿತ್ರ ಕಾಣುತ್ತದೆ. ಎರಡೂ ಜಾಗಕ್ಕೆ ಬೇರೆ ಬೇರೆಯಾಗಿ ತಾತ್ಕಾಲಿಕ ಗಾರೆಯ ಕಟ್ಟೆ ಕಟ್ಟಿ, ಒಂದಾದ ಮೇಲೆ ಒಂದರಂತೆ ನೀರು ನಿಲ್ಲಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮಳೆ ಸುರಿಯುತ್ತಿರುವಾಗ ಆ ಪರೀಕ್ಷೆಗೆ ಅರ್ಥವಿಲ್ಲ.

ಡೋರ್ ಕ್ಲೋಸರಿನ ವಿಷಯದಲ್ಲಿ "ಬಳಕೆಯಿಂದಾದ ಹಾನಿಯಾಗಿದ್ದರೂ ಸೌಹಾರ್ದದಿಂದ ಬದಲಿಸಿಕೊಡಲಾಗಿದೆ" ಎಂದು ಬರೆಯಿರಿ. ದೋಷವೆಂದು ಒಪ್ಪಿಕೊಂಡಂತೆ ಬರೆದರೆ ಮುಂದಿನ ವರ್ಷ ಇನ್ನೊಂಬತ್ತಕ್ಕೆ ಕರೆ ಬರುತ್ತದೆ.

ಖಾತೆ ಪುಸ್ತಕ · ಆಗಸ್ಟ್ 15

ನಾನು ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದೇನೆ. ಎರಡು ವಿಷಯ ನೋಡಿಕೊಳ್ಳಿ. ತಾವು ಪ್ರತಿ ಆರ್‌ಎ ಬಿಲ್ಲಿನ ಪೂರ್ಣ ಮೊತ್ತಕ್ಕೆ ಜಿಎಸ್‌ಟಿ ಹಾಕಿ ಕಟ್ಟಿದ್ದೀರಾ, ಅಥವಾ ರಿಟೆನ್ಷನ್ ಕಳೆದು ಉಳಿದದ್ದಕ್ಕೇ? ಪೂರ್ಣಕ್ಕೆ ಕಟ್ಟಿದ್ದರೆ ಈ 4,60,000ಕ್ಕೆ ಹೊಸ ತೆರಿಗೆ ಇನ್‌ವಾಯ್ಸ್ ಬೇಕಿಲ್ಲ ಎಂದು ಪತ್ರದಲ್ಲೇ ಹೇಳಿಬಿಡಿ. ಇಲ್ಲವಾದರೆ ಅವರ ಲೆಕ್ಕಿಗರು "ಬಿಲ್ ಕೊಡಿ" ಎಂದು ಇನ್ನೊಂದು ತಿಂಗಳು ತಳ್ಳುತ್ತಾರೆ. ಹಾಗೆಯೇ 26ಎಎಸ್ ತೆಗೆದು, ಟಿಡಿಎಸ್ ಪೂರ್ಣ ಬಿಲ್ಲಿನ ಮೇಲೆ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಈಗ ಮತ್ತೆ ಕಡಿಯುವಂತಿಲ್ಲ.

ಮೇಸ್ತ್ರಿ ಮನೆತನ · ಆಗಸ್ಟ್ 15

ಅವಸರ ಮಾಡಿ ಸಂಬಂಧ ಕೆಡಿಸಿಕೊಳ್ಳಬೇಡಿ. ಆರು ತಿಂಗಳಿಗೊಂದು ನೆನಪೋಲೆ ಕಳಿಸುತ್ತಿದ್ದರೆ ಕಾಲಮಿತಿಯೂ ಮುಂದೆ ಹೋಗುತ್ತಿರುತ್ತದೆ, ಹಕ್ಕು ಎಲ್ಲಿಗೂ ಹೋಗುವುದಿಲ್ಲ.

ಒಪ್ಪಂದ ಓದುವ ಇಂಜಿನಿಯರ್ · ಆಗಸ್ಟ್ 15

ಸಂಬಂಧದ ಮಾತು ಸರಿ, ಕಾಲಮಿತಿಯ ಮಾತು ತಪ್ಪು, ಮತ್ತು ಈ ತಪ್ಪಿನಿಂದ ಹಣ ಕಳೆದುಕೊಂಡವರು ಇದ್ದಾರೆ. ನಾವು ಬರೆಯುವ ನೆನಪೋಲೆಗಳಿಂದ ದಾವೆ ಹೂಡಲು ಇರುವ ಮೂರು ವರ್ಷದ ಮಿತಿ ಒಂದು ದಿನವೂ ಹಿಗ್ಗುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಹಿಗ್ಗಿಸುವುದು ಎದುರಿನವರು ಮಿತಿಯೊಳಗೆ ಬರೆದು ಸಹಿ ಹಾಕಿದ ಒಪ್ಪಿಗೆ. ಜುಲೈ 28ರ ಅವರ ಪತ್ರದಲ್ಲಿ "ಮಳೆಗಾಲ ಮುಗಿಯುವವರೆಗೆ ಹಣ ಬಿಡಲಾಗುವುದಿಲ್ಲ" ಎಂದಿದೆ. ಹಣ ಬಾಕಿ ಇರುವುದನ್ನು ಅದು ಒಪ್ಪಿದಂತೆಯೇ ಎಂದು ವಾದಿಸಬಹುದು. ಆ ಪತ್ರವನ್ನು ಲಕೋಟೆ ಸಹಿತ ಜೋಪಾನ ಮಾಡಿ.

ಬಡ್ಡಿಯ ಷರತ್ತು ಇಲ್ಲದಿರುವುದರಿಂದ ಪತ್ರದಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಲಿ. 1978ರ ಬಡ್ಡಿ ಕಾಯ್ದೆಯಲ್ಲಿ, ಬಡ್ಡಿ ಕೇಳುವುದಾಗಿ ಲಿಖಿತ ನೋಟಿಸು ಕೊಟ್ಟ ದಿನಕ್ಕೆ ಮಹತ್ವವಿದೆ. ಕೇಳದೆ ಸುಮ್ಮನಿದ್ದ ತಿಂಗಳುಗಳಿಗೆ ಆಮೇಲೆ ಕೇಳುವುದು ಕಷ್ಟ.

ಎಫ್‌ಎಸ್‌ಡಿ ಕಾಯುವವ · ಆಗಸ್ಟ್ 15

ಉದ್ಯಮ್ ನೋಂದಣಿ ಇದ್ದರೆ ಎಂಎಸ್‌ಎಂಇ ಕಾಯ್ದೆಯಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಿಗುತ್ತದಂತಲ್ಲ, ಅದನ್ನು ಹಾಕಬಹುದಲ್ಲವೇ?

ಒಪ್ಪಂದ ಓದುವ ಇಂಜಿನಿಯರ್ · ಆಗಸ್ಟ್ 16

ಕಾಯ್ದೆಯಲ್ಲಿ ಆ ದರ ಇರುವುದು ನಿಜ. ಆದರೆ ಸಾಮಗ್ರಿಯೂ ಕೂಲಿಯೂ ಬೆರೆತ ಕಾಮಗಾರಿ ಗುತ್ತಿಗೆಗೆ ಅದು ಅನ್ವಯವಾಗುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲ. ವಕೀಲರನ್ನು ಕೇಳದೆ ಪತ್ರದಲ್ಲಿ ಹಾಕುವ ವಿಷಯವಲ್ಲ ಅದು.

ಇಷ್ಟು ಚರ್ಚೆಯಾದ ಮೇಲೆ ನಾನೊಂದು ಕರಡು ಹಾಕುತ್ತೇನೆ. ವಾಸ್ತುಶಿಲ್ಪಿಯವರಿಗೆ ಬರೆದು, ಕಾರ್ಯದರ್ಶಿಯವರಿಗೆ ಪ್ರತಿ.

"ವಿಷಯ: ವಿದ್ಯಾರ್ಥಿನಿಲಯ ಕಟ್ಟಡದ ಕಾಮಗಾರಿ, ಷರತ್ತು 31ರ ಅನ್ವಯ ದೋಷಗಳು ಸರಿಯಾದ ಬಗ್ಗೆ ಪ್ರಮಾಣಪತ್ರ ಮತ್ತು ಹಿಡಿದಿಟ್ಟ ಹಣದ ಉಳಿದರ್ಧ 4,60,000 ರೂಪಾಯಿಗಳ ಬಿಡುಗಡೆ ಕೋರಿ.

ಮಾನ್ಯರೇ,

ಮೇಲ್ಕಂಡ ಕಾಮಗಾರಿಯು 2024 ಜೂನ್ 12ರಂದು ಪೂರ್ಣಗೊಂಡಿದೆಯೆಂದು ತಾವು ಪೂರ್ಣತಾ ಪತ್ರ ನೀಡಿದ್ದು, ಷರತ್ತು 27ರ ಪ್ರಕಾರ ಹನ್ನೆರಡು ತಿಂಗಳ ದೋಷ ಹೊಣೆಗಾರಿಕೆ ಅವಧಿಯು 2025 ಜೂನ್ 11ಕ್ಕೆ ಮುಗಿದಿರುತ್ತದೆ.

ಸದರಿ ಅವಧಿಯಲ್ಲಿ ತಮ್ಮ ಕಚೇರಿಯಿಂದ ಲಿಖಿತವಾಗಿ ತಿಳಿಸಲಾದ ದೋಷಗಳು 2024 ಅಕ್ಟೋಬರ್ 9ರ ಪತ್ರದಲ್ಲಿರುವ 14 ಬಾಬ್ತುಗಳು ಮಾತ್ರ. ಇವುಗಳ ಪೈಕಿ 12 ಬಾಬ್ತುಗಳು ಸರಿಯಾಗಿರುವುದು 2025 ಫೆಬ್ರವರಿ 20ರ ಜಂಟಿ ಪರಿಶೀಲನಾ ಪಟ್ಟಿಯಲ್ಲಿ ಉಭಯರ ಸಹಿಯೊಂದಿಗೆ ದಾಖಲಾಗಿದೆ. ಉಳಿದ ಎರಡು ಬಾಬ್ತುಗಳನ್ನು 2025 ಏಪ್ರಿಲ್ 5ರಂದು, ಅಂದರೆ ಅವಧಿ ಮುಗಿಯುವ ಮುನ್ನವೇ, ಪೂರ್ಣಗೊಳಿಸಿ, ಶೌಚಾಲಯದ ಬಾಬ್ತಿಗೆ ಏಪ್ರಿಲ್ 18ರಿಂದ 20ರವರೆಗೆ 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸಲಾಗಿದ್ದು, ತಮ್ಮ ಸೈಟ್ ಪ್ರತಿನಿಧಿಯವರು ಪರಿಶೀಲಿಸಿ ಅಂದೇ ಸಂದೇಶದ ಮೂಲಕ ಎರಡನ್ನೂ ದೃಢಪಡಿಸಿರುತ್ತಾರೆ. ಬಾಬ್ತುವಾರು ವಿವರ, ಫೋಟೋಗಳು ಮತ್ತು ಸದರಿ ಸಂದೇಶದ ಪ್ರತಿ ಲಗತ್ತಿಸಿದೆ.

ಆದ್ದರಿಂದ ಷರತ್ತು 31ರಲ್ಲಿ ಹೇಳಿರುವ ಪ್ರಮಾಣಪತ್ರವನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ನೀಡಬೇಕೆಂದೂ, ಯಾವುದೇ ಬಾಬ್ತು ಬಾಕಿ ಇದೆಯೆಂದು ತಮಗೆ ಕಂಡುಬಂದಲ್ಲಿ ಅದರ ಕ್ರಮಸಂಖ್ಯೆಯನ್ನು ತಿಳಿಸಬೇಕೆಂದೂ ಕೋರುತ್ತೇವೆ.

2025 ಜುಲೈ 28ರ ಪತ್ರದಲ್ಲಿ ಟ್ರಸ್ಟಿನವರು ತಿಳಿಸಿರುವ ತಾರಸಿಯ ಸೋರಿಕೆಯು ಅವಧಿಯೊಳಗೆ ತಿಳಿಸಲಾದ ದೋಷವಲ್ಲದ ಕಾರಣ ಷರತ್ತು 31ರ ಪಾವತಿಗೆ ಅಡ್ಡಿಯಾಗುವುದಿಲ್ಲ. ಆದಾಗ್ಯೂ ವಾಟರ್‌ಪ್ರೂಫಿಂಗ್ ಗ್ಯಾರಂಟಿ ಪತ್ರದಡಿ ನಮ್ಮ ಹೊಣೆಯನ್ನು ನಾವು ಅಲ್ಲಗಳೆಯದೆ, ಕಾರಣವನ್ನು ಪತ್ತೆಹಚ್ಚಲು ಜಂಟಿ ಪರಿಶೀಲನೆಗೆ ಸಿದ್ಧರಿದ್ದೇವೆ. ಹಸ್ತಾಂತರದ ನಂತರ ತಾರಸಿಗೆ ಆ್ಯಂಕರ್ ಬೋಲ್ಟುಗಳನ್ನು ಅಳವಡಿಸಿರುವುದನ್ನು ಲಗತ್ತಿಸಿದ ಫೋಟೋಗಳಲ್ಲಿ ಗಮನಿಸಬಹುದು.

ಸದರಿ ಮೊತ್ತಕ್ಕೆ ಜಿಎಸ್‌ಟಿಯನ್ನು ಆಯಾ ಬಿಲ್ಲುಗಳಲ್ಲೇ ವಿಧಿಸಿ ಪಾವತಿಸಿರುವುದರಿಂದ ಹೊಸ ಇನ್‌ವಾಯ್ಸ್ ಅಗತ್ಯವಿರುವುದಿಲ್ಲ. ನಿಗದಿತ 30 ದಿನಗಳೊಳಗೆ ಪಾವತಿಯಾಗದಿದ್ದಲ್ಲಿ ಮುಂದಿನ ಅವಧಿಗೆ ಬಡ್ಡಿಯನ್ನು ಕೋರಲಾಗುವುದು ಎಂಬುದಕ್ಕೆ ಇದನ್ನೇ ನೋಟಿಸೆಂದು ಪರಿಗಣಿಸಬೇಕು."

ಹೆಚ್ಚುವರಿ ಕೆಲಸಕ್ಕೆ ಬೇರೆ ಪತ್ರ, ಬೇರೆ ದಿನ. ಇನ್ನೊಂದು ಮಾತು: ಚೆಕ್ ಕೊಡುವಾಗ "ಸಂಪೂರ್ಣ ಮತ್ತು ಅಂತಿಮ ಪಾವತಿ, ಇನ್ನಾವ ಬಾಕಿಯೂ ಇಲ್ಲ" ಎಂಬ ರಸೀದಿಗೆ ಸಹಿ ಕೇಳಿದರೆ, ಆ 2,35,000ವನ್ನು ನೆನಪಿಸಿಕೊಂಡು "ರಿಟೆನ್ಷನ್ ಬಾಬ್ತು ಮಾತ್ರ" ಎಂದು ಬರೆದು ಸಹಿ ಹಾಕಿ.

ನಕ್ಷೆ ಮತ್ತು ಸಹಿ · ಆಗಸ್ಟ್ 16

ಕರಡು ಚೆನ್ನಾಗಿದೆ. "ಅಡ್ಡಿಯಾಗುವುದಿಲ್ಲ" ಎಂಬ ಸಾಲನ್ನು ಟ್ರಸ್ಟಿನ ವಕೀಲರು ಒಪ್ಪುತ್ತಾರೆಂದು ನಾನು ಹೇಳಲಾರೆ. ಅಂಥ ಸೋರಿಕೆಯ ನಷ್ಟವನ್ನು ಕೊಡಬೇಕಾದ ಹಣದಲ್ಲಿ ವಜಾ ಹಾಕಿಕೊಳ್ಳುವ ಹಕ್ಕು ತಮಗಿದೆ ಎಂದು ಅವರು ವಾದಿಸುತ್ತಾರೆ. ಅದಕ್ಕೆ ಮೊದಲು ಅವರು ನಷ್ಟವನ್ನೂ ಕಾರಣವನ್ನೂ ತೋರಿಸಬೇಕಾಗುತ್ತದೆ, ಬೋಲ್ಟುಗಳ ಫೋಟೋ ಇರುವಾಗ ಅದು ಸುಲಭವಲ್ಲ. ಹಟ ಹಿಡಿದರೆ ಪ್ಯಾರಾಪೆಟ್ ಬುಡದ ಕೋವಿಂಗ್ ಹೊಸದಾಗಿ ಮಾಡುವ ಅಂದಾಜು ಖರ್ಚಿನಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಕೊಡಿ ಎಂದು ಕೇಳಿ. ಫಿಡಿಕ್ 1999ರ 14.9ನೇ ಷರತ್ತಿನ ನ್ಯಾಯವೂ ಅದೇ: ಬಾಕಿ ಕೆಲಸದ ಅಂದಾಜು ಖರ್ಚನ್ನಷ್ಟೇ ಹಿಡಿಯಬಹುದು, ಇಡೀ ಹಣವನ್ನಲ್ಲ. ಆದರೆ ಈ ರಾಜಿ ಮಾತನ್ನು ಮೊದಲ ಪತ್ರದಲ್ಲಿ ಬರೆಯಬೇಡಿ, ಮಾತುಕತೆಗೆ ಇಟ್ಟುಕೊಳ್ಳಿ.

ತುಂಗಾತೀರದ ಗುತ್ತಿಗೆದಾರ · ಅಕ್ಟೋಬರ್ 4

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಆಗಸ್ಟ್ 19ರಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಕಳಿಸಿ, ಒಂದು ಪ್ರತಿಯನ್ನು ಕಚೇರಿಗೆ ಒಯ್ದು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡೆ. ಬಾಬ್ತುವಾರು ಪಟ್ಟಿ ತಯಾರಿಸಲು ಎರಡು ರಾತ್ರಿ ಹಿಡಿಯಿತು. ಬಾಬ್ತು 6ರ ಫೋಟೋ ಸಿಗದೆ ಹಳೆಯ ಮೊಬೈಲ್ ಹುಡುಕಬೇಕಾಯಿತು.

ಸೆಪ್ಟೆಂಬರ್ 1ರಂದು ವಾಸ್ತುಶಿಲ್ಪಿಯವರು 14 ಬಾಬ್ತುಗಳೂ ಸರಿಯಾಗಿವೆ ಎಂದು ಪ್ರಮಾಣಪತ್ರ ಕೊಟ್ಟರು. ಅದರ ಕೊನೆಯಲ್ಲಿ "ತಾರಸಿಯ ಸೋರಿಕೆಯನ್ನು ಹೊರತುಪಡಿಸಿ" ಎಂದು ಸೇರಿಸಿದ್ದಾರೆ. ಟ್ರಸ್ಟಿನವರು ಸೆಪ್ಟೆಂಬರ್ 26ರಂದು 3,90,000 ಪಾವತಿಸಿ, ತಾರಸಿಗೆಂದು 70,000 ಉಳಿಸಿಕೊಂಡರು. ರಸೀದಿಯಲ್ಲಿ "ರಿಟೆನ್ಷನ್ ಬಾಬ್ತು, ಭಾಗಶಃ" ಎಂದೇ ಬರೆದು ಸಹಿ ಹಾಕಿದೆ. ಕಾರ್ಯದರ್ಶಿಯವರ ಮುಖ ಸ್ವಲ್ಪ ಬಿಗಿಯಾಯಿತು, ಆದರೆ ಏನೂ ಅನ್ನಲಿಲ್ಲ.

70,000ಕ್ಕೆ ಅಂದಾಜು ಪಟ್ಟಿ ಕೊಟ್ಟಿಲ್ಲ, ಕೇಳಿದ್ದೇನೆ. ಮಳೆ ನಿಂತ ಮೇಲೆ, ನವೆಂಬರ್ ಮೊದಲ ವಾರದಲ್ಲಿ, ಸೋಲಾರ್ ಹಾಕಿದವರನ್ನೂ ಕರೆಸಿ ಎರಡು ಕಡೆಯೂ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೆಂದು ಮಾತಾಗಿದೆ. ಅಂದು ನೀರು ಪ್ಯಾರಾಪೆಟ್ ಕಡೆಯಿಂದಲೇ ಇಳಿದರೆ ಗ್ಯಾರಂಟಿಯಂತೆ ನಾನೇ ಸರಿಪಡಿಸಿಕೊಡುತ್ತೇನೆ. ಹಾಗೆ ಸರಿಪಡಿಸಿಕೊಟ್ಟರೆ ಆ 70,000 ಪೂರ್ತಿ ವಾಪಸು ಬರಬೇಕಲ್ಲವೇ, ಅಥವಾ ಇನ್ನೊಂದು ಮಳೆಗಾಲ ನೋಡೋಣ ಎನ್ನಬಹುದೇ?

ಒಪ್ಪಂದ ಓದುವ ಇಂಜಿನಿಯರ್ · ಅಕ್ಟೋಬರ್ 5

ಎನ್ನಬಹುದು, ಎನ್ನುತ್ತಾರೆ ಕೂಡ. ನೀರು ನಿಲ್ಲಿಸುವ ಮೊದಲೇ, ಪರೀಕ್ಷೆಯ ಫಲ ಏನಾದರೆ ಹಣಕ್ಕೆ ಏನಾಗಬೇಕು, ಎಷ್ಟು ದಿನದಲ್ಲಿ ಆಗಬೇಕು ಎಂದು ಅರ್ಧ ಪುಟ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ವಾಸ್ತುಶಿಲ್ಪಿಯವರ ಸಹಿಯೂ ಇರಲಿ, ಈ ಸಲ ಕಾಗದದ ಮೇಲೆ.